ಕಾಲ್–ಪುಟ್ ಲೆಕ್ಕ ತಾಳೆ ಆಗ್ತಿಲ್ಲ: 25,000 ಸ್ಟ್ರೈಕ್‌ನಲ್ಲಿ 43 ಪಾಯಿಂಟ್ ಬಿಟ್ಟಿ ಬಿದ್ದಿದೆಯಾ?

ತುಂಗೆಯ ದಂಡೆ · ಸೋಮವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿಯವನು. ಹಗಲು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ ಆಪ್ಷನ್ ಓದುತ್ತೇನೆ. ಇನ್ನೂ ಒಂದು ರೂಪಾಯಿ ಹಾಕಿಲ್ಲ.

ಇವತ್ತು ಮಧ್ಯಾಹ್ನ 3:20ಕ್ಕೆ ಆಪ್ಷನ್ ಚೈನ್ ನೋಡಿ ಬರೆದುಕೊಂಡಿದ್ದು ಇಷ್ಟು (ಅಂಕಿ ದುಂಡಗೆ ಮಾಡಿದ್ದೇನೆ). ನಿಫ್ಟಿ 25,000. ತಿಂಗಳ ಎಕ್ಸ್‌ಪೈರಿಗೆ, ಅಂದರೆ ಅವಧಿ ಮುಗಿಯಲು, 30 ದಿನ. 25000 CE, ಅಂದರೆ ಆ ದಿನ 25,000ಕ್ಕೆ ಕೊಳ್ಳುವ ಹಕ್ಕು ಕೊಡುವ ಕಾಲ್, 330 ರೂಪಾಯಿ. 25000 PE, ಅಂದರೆ ಅದೇ ಬೆಲೆಗೆ ಮಾರುವ ಹಕ್ಕು ಕೊಡುವ ಪುಟ್, 250 ರೂಪಾಯಿ. ಹಕ್ಕಿನ ಆ ಬೆಲೆಯೇ ಸ್ಟ್ರೈಕ್. ಎರಡಕ್ಕೂ ವ್ಯತ್ಯಾಸ 80.

ನಾನು ಓದಿದ ಪ್ರಕಾರ ಕಾಲ್ ಬೆಲೆಯಿಂದ ಪುಟ್ ಬೆಲೆ ಕಳೆದರೆ ಬರಬೇಕಾದ್ದು ಇವತ್ತಿನ ನಿಫ್ಟಿ ಕಳೆ ಸ್ಟ್ರೈಕ್‌ನ ಇವತ್ತಿನ ಬೆಲೆ. ವರ್ಷಕ್ಕೆ 6% ಬಡ್ಡಿ ಹಿಡಿದರೆ 30 ದಿನದ ನಂತರದ 25,000 ಇವತ್ತಿಗೆ ಸುಮಾರು 24,877. ಅಂದರೆ ವ್ಯತ್ಯಾಸ 123 ಇರಬೇಕು. ಇರುವುದು 80. ಒಂದು ಲಾಟ್‌ಗೆ 75 ಅಂತ ಹಿಡಿದರೆ 43 × 75, ಅಂದರೆ 3,225 ರೂಪಾಯಿ ಸುಮ್ನೆ ಬಿದ್ದಿದೆ.

ಕಾಲ್ ಅಗ್ಗ, ಪುಟ್ ದುಬಾರಿ. ಹಾಗಾಗಿ ಕಾಲ್ ಕೊಂಡು, ಪುಟ್ ಮಾರಿ, ನಿಫ್ಟಿ ಮಾರಬೇಕು. ಕೊನೆಯದನ್ನು ಮಾಡುವುದು ಹೇಗೆ ಅಂತಲೇ ಗೊತ್ತಾಗಲಿಲ್ಲ. ಇನ್ನೊಂದು ಅನುಮಾನ, ದಾರಿಯಲ್ಲಿ ಇಷ್ಟು ದುಡ್ಡು ಬಿದ್ದಿದ್ದರೆ ದೊಡ್ಡವರು ಬಿಟ್ಟಿರುತ್ತಿದ್ದರಾ?

ಜೋಗದ ಗುಂಡಿ · ರಾತ್ರಿ 9:34

ಆ ಸೂತ್ರ ಯುರೋಪಿಯನ್ ಆಪ್ಷನ್‌ಗೆ ಮಾತ್ರ ಮಾರಾಯ್ರೇ. ನಮ್ಮಲ್ಲಿ ಯಾವಾಗ ಬೇಕಾದರೂ ಎಕ್ಸರ್ಸೈಸ್ ಮಾಡಬಹುದು, ಹಕ್ಕು ಚಲಾಯಿಸಬಹುದು, ಅಂದರೆ ಅಮೆರಿಕನ್. ಅದಕ್ಕೆ ಸಮ ಅನ್ನುವ ಚಿಹ್ನೆ ಬರುವುದಿಲ್ಲ, ಇಷ್ಟರಿಂದ ಇಷ್ಟರೊಳಗೆ ಅನ್ನುವ ಮಿತಿ ಮಾತ್ರ. ನಿಮ್ಮ 43 ಆ ಮಿತಿಯೊಳಗೇ ಇದೆ. ಸಾಗರದಲ್ಲಿ ನಾವು ನಾಲ್ಕು ಜನ ಕೂತು ಇದನ್ನೆಲ್ಲ ಹಿಂದೆಯೇ ನೋಡಿ ಬಿಟ್ಟಿದ್ದೇವೆ.

ವಿನೋಬನಗರ · ರಾತ್ರಿ 10:05

ಗುಂಡಿಯವರೇ, ಅಮೆರಿಕನ್ ಆಪ್ಷನ್‌ಗೆ ಮಿತಿ ಮಾತ್ರ ಅನ್ನುವ ಮಾತು ಸರಿ. ನಮ್ಮದು ಅಮೆರಿಕನ್ ಅನ್ನುವುದು ಹಳೇ ಮಾತು. ಷೇರುಗಳ ಆಪ್ಷನ್ ಹಾಗಿತ್ತು, 2011ರ ಜನವರಿಯಿಂದ ಯುರೋಪಿಯನ್ ಆಯಿತು. ಆಗ ತೆರೆಯ ಮೇಲೆ CA, PA ಅಂತ ಕಾಣುತ್ತಿತ್ತು. ಈಗ ಕಾಣುವ CE, PE ಒಳಗಿನ E ಅದೇ. ನಿಫ್ಟಿಯದು ಮೊದಲಿಂದಲೂ ಯುರೋಪಿಯನ್. ಅವಧಿಗೆ ಮುಂಚೆ ಮಾರಬಹುದು, ಎಕ್ಸರ್ಸೈಸ್ ಮಾಡಲು ಬರುವುದಿಲ್ಲ. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ದಂಡೆಯವರೇ, ನಿಮ್ಮ ಸೂತ್ರ ಸರಿ ಇದೆ, ಹಾಕಿದ ಅಂಕಿ ಅನುಮಾನ. ಅದೇ 3:20ಕ್ಕೆ ಅದೇ ತಿಂಗಳ ನಿಫ್ಟಿ ಫ್ಯೂಚರ್ ಎಷ್ಟಿತ್ತು? ಮತ್ತೆ 330, 250 ಅನ್ನುವುದು LTP ಕಾಲಂನಿಂದ, ಅಂದರೆ ಕೊನೆಯ ವ್ಯವಹಾರದ ಬೆಲೆಯಿಂದ ತೆಗೆದದ್ದಾ, ಇಲ್ಲಾ ಕೊಳ್ಳುವವರು ಕೊಡುವ, ಮಾರುವವರು ಕೇಳುವ ಬೆಲೆ, ಅಂದರೆ ಬಿಡ್–ಆಸ್ಕ್ ನೋಡಿದ್ದಾ?

(ಬೆಂಗಳೂರಿನಲ್ಲಿ ಬ್ರೋಕರ್ ಒಬ್ಬರ ಡೀಲಿಂಗ್ ರೂಮಿನಲ್ಲಿ ಹದಿನಾಲ್ಕು ವರ್ಷ ಇದ್ದೆ. ಈಗ ಶಿವಮೊಗ್ಗದಲ್ಲಿ ಮನೆ, ಅಮ್ಮ, ಎರಡು ಬೆಕ್ಕು.)

ತುಂಗೆಯ ದಂಡೆ · ರಾತ್ರಿ 10:21

LTP ನೋಡಿದ್ದು ಮೇಡಂ. ಫ್ಯೂಚರ್ 25,083 ಇತ್ತು. ಅದು ಬೇರೆ ಮಾರುಕಟ್ಟೆ ಅಂತ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ವಿನೋಬನಗರ · ರಾತ್ರಿ 10:48

ಅಲ್ಲೇ ನಿಮ್ಮ 43 ಹೋಯಿತು ನೋಡಿ.

ಫ್ಯೂಚರ್ 25,083 ಅಂದರೆ 30 ದಿನದ ನಂತರದ ನಿಫ್ಟಿಯನ್ನು ಇವತ್ತೇ 25,083ಕ್ಕೆ ಮಾತಾಡಿ ಇಟ್ಟಿದ್ದಾರೆ ಅಂತ. ಸ್ಟ್ರೈಕ್ 25,000. ವ್ಯತ್ಯಾಸ 83. ಅದನ್ನು ಇವತ್ತಿಗೆ ತಂದರೆ 82.6. ಕಾಲ್ ಕಳೆ ಪುಟ್ 80. ಉಳಿಯುವುದು ಎರಡೂವರೆ ಪಾಯಿಂಟ್. ಅದು ಬಿಡ್–ಆಸ್ಕ್ ಸಂದಿನಲ್ಲೇ ಕಳೆದುಹೋಗುತ್ತದೆ.

ಹಾಗಾದರೆ ಬಡ್ಡಿ ಲೆಕ್ಕದ 123 ಎಲ್ಲಿ ಹೋಯಿತು? ಹೆಚ್ಚಿನ ಪಾಲು ಡಿವಿಡೆಂಡ್. ಈ ತಿಂಗಳುಗಳಲ್ಲಿ ನಿಫ್ಟಿಯ ಕಂಪನಿಗಳು ಒಂದಾದ ಮೇಲೆ ಒಂದು ಡಿವಿಡೆಂಡ್ ಕೊಡುತ್ತವೆ. ಕೊಟ್ಟ ದಿನ ಷೇರು ಅಷ್ಟು ಇಳಿಯುತ್ತದೆ, ಸೂಚ್ಯಂಕವೂ ಅಷ್ಟು ಇಳಿಯುತ್ತದೆ. ನಿಫ್ಟಿ ಆ ಡಿವಿಡೆಂಡನ್ನು ವಾಪಸ್ ಸೇರಿಸಿಕೊಳ್ಳುವುದಿಲ್ಲ. ಷೇರು ಕೈಯಲ್ಲಿ ಇದ್ದವನಿಗೆ ಆ ಹಣ ಬರುತ್ತದೆ, ಕಾಲ್ ಇದ್ದವನಿಗೆ ಬರುವುದಿಲ್ಲ. ಅದಕ್ಕೆ ಕಾಲ್ ಅಗ್ಗವಾಗಿ, ಪುಟ್ ದುಬಾರಿಯಾಗಿ ಕಾಣುತ್ತದೆ. ಫ್ಯೂಚರ್ ಬೆಲೆಯೊಳಗೆ ಈ ಲೆಕ್ಕ ಆಗಲೇ ಸೇರಿಹೋಗಿದೆ.

ನೀವು ಕೇಳಿದ ಇನ್ನೊಂದು ಪ್ರಶ್ನೆಗೂ ಇದೇ ಉತ್ತರ. ನಿಫ್ಟಿಯನ್ನು ಮಾರುವುದು ಅಂದರೆ ಐವತ್ತು ಷೇರು ಸಾಲ ತಂದು ಮಾರುವುದು. ನಮ್ಮಂಥವರಿಗೆ ಅದು ಆಗುವ ಮಾತಲ್ಲ. ನಾವು ಮಾರುವುದು ಫ್ಯೂಚರ್. ಹಾಗಿದ್ದ ಮೇಲೆ ಹೋಲಿಸಿ ನೋಡಬೇಕಾದ್ದೂ ಫ್ಯೂಚರ್ ಜೊತೆಗೇ, ಅಲ್ವಾ?

LTP ಬಗ್ಗೆ ಒಂದು ಮಾತು. 25,000ದಂಥ ನಡುವಿನ ಸ್ಟ್ರೈಕ್‌ನಲ್ಲಿ ಅದು ಸೆಕೆಂಡಿಗೆ ಸೆಕೆಂಡಿಗೆ ಬದಲಾಗುತ್ತದೆ, ಅಷ್ಟು ಮೋಸ ಆಗುವುದಿಲ್ಲ. 22,000 ಸ್ಟ್ರೈಕ್ ಕಾಲ್‌ಗೆ ಹೋಗಿ ನೋಡಿ. ಕೊನೆಯ ವ್ಯವಹಾರ ಬೆಳಿಗ್ಗೆ ಹತ್ತಕ್ಕೆ ಆಗಿರುತ್ತದೆ. ಆಗಿನ ಬೆಲೆ ಮತ್ತು ಈಗಿನ ಪುಟ್ ಇಟ್ಟು ಕಳೆದರೆ ನೂರು ಪಾಯಿಂಟ್ ‘ಲಾಭ’ವೂ ಕಾಣಬಹುದು.

ರಾಶಿ ಇಡಿ · ಮಂಗಳವಾರ, ಬೆಳಿಗ್ಗೆ 6:15

ಇಲ್ಲಿ ಪುಟ್ ಅಂದರೆ ಇಷ್ಟು ಬೆಲೆಗೆ ಮಾರುವ ಹಕ್ಕು ಅಂತ ಗೊತ್ತಾಯಿತು. ಹೊಸನಗರದ ಹತ್ತಿರ ನಮ್ಮದು ಎಂಟು ಎಕರೆ ಅಡಿಕೆ. ಮಾಲು ಮನೆಯಲ್ಲಿ ಇದೆ. ದರ ಇಳಿಯುವ ಹೆದರಿಕೆ. ಅಡಿಕೆಗೆ ಈ ಪುಟ್ ಎಲ್ಲಿ ಸಿಗುತ್ತದೆ? ಮ್ಯಾಮ್ಕೋಸ್‌ನಲ್ಲಿ ಕೇಳಿದರೆ ನಕ್ಕರು.

ವಿನೋಬನಗರ · ಬೆಳಿಗ್ಗೆ 8:02

ಅಡಿಕೆಗೆ ಎಕ್ಸ್‌ಚೇಂಜ್‌ನಲ್ಲಿ ಆಪ್ಷನ್ ಇಲ್ಲ ಅಣ್ಣ. ಅವರು ನಕ್ಕಿದ್ದು ತಪ್ಪಲ್ಲ. ಆದರೆ ಇಲ್ಲಿ ಮಾತಾಡುತ್ತಿರುವ ವಿಷಯಕ್ಕೆ ನಿಮ್ಮ ಅಡಿಕೆಯಷ್ಟು ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ.

ಸುಮ್ನೆ ಮಾತಿಗೆ ರಾಶಿ ಅಡಿಕೆ ಕ್ವಿಂಟಾಲ್‌ಗೆ 50,000 ಅಂತ ಇಟ್ಟುಕೊಳ್ಳಿ. ಮೇಲಿನ ಮನೆಯವರ ಹತ್ತಿರ ಒಂದು ಕ್ವಿಂಟಾಲ್ ಅಡಿಕೆ ಇದೆ, ಜೊತೆಗೆ ತಿಂಗಳ ನಂತರ 50,000ಕ್ಕೆ ಮಾರುವ ಹಕ್ಕಿನ ಚೀಟಿ ಇದೆ. ಕೆಳಗಿನ ಮನೆಯವರ ಹತ್ತಿರ ಅಡಿಕೆ ಇಲ್ಲ. ಬ್ಯಾಂಕಿನಲ್ಲಿ 49,755 ಇದೆ, ತಿಂಗಳಿಗೆ ಬಡ್ಡಿ ಸೇರಿ 50,000 ಆಗುತ್ತದೆ. ಜೊತೆಗೆ 50,000ಕ್ಕೆ ಕೊಳ್ಳುವ ಹಕ್ಕಿನ ಚೀಟಿ ಇದೆ.

ತಿಂಗಳ ನಂತರ ದರ 56,000 ಆಯಿತು. ಮೇಲಿನ ಮನೆಯವರು ಚೀಟಿ ಹರಿದು ಹಾಕುತ್ತಾರೆ, ಕೈಯಲ್ಲಿ 56,000ದ ಅಡಿಕೆ. ಕೆಳಗಿನವರು 50,000 ಕೊಟ್ಟು ಅಡಿಕೆ ತರುತ್ತಾರೆ, ಅವರ ಕೈಯಲ್ಲೂ 56,000ದ ಅಡಿಕೆ. ದರ 43,000ಕ್ಕೆ ಬಿತ್ತು ಅನ್ನಿ. ಮೇಲಿನವರು ಚೀಟಿ ತೋರಿಸಿ 50,000ಕ್ಕೆ ಕೊಡುತ್ತಾರೆ. ಕೆಳಗಿನವರು ಚೀಟಿ ಬಿಸಾಡಿ 50,000 ಹಣ ಇಟ್ಟುಕೊಳ್ಳುತ್ತಾರೆ. ಎರಡೂ ಮನೆ ಯಾವಾಗಲೂ ಸಮ. ಕೊನೆಯಲ್ಲಿ ಸಮ ಆಗುವುದಾದರೆ ಇವತ್ತೂ ಒಂದೇ ಬೆಲೆ ಇರಬೇಕು.

ಈಗ ಕೆಳಗಿನ ಮನೆಯ ಗಂಟು ಅಗ್ಗಕ್ಕೆ ಸಿಗುತ್ತಿದೆ ಅಂದುಕೊಳ್ಳಿ. ನೀವು ಏನು ಮಾಡುತ್ತೀರಿ? ಮನೆಯ ಅಡಿಕೆ ಮಾರಿ ಹಣ ಬ್ಯಾಂಕಿಗೆ ಹಾಕುತ್ತೀರಿ, ಮಾರುವ ಹಕ್ಕಿನ ಚೀಟಿಯನ್ನು ಬೇರೆಯವರಿಗೆ ಬರೆದುಕೊಟ್ಟು ಕೊಳ್ಳುವ ಹಕ್ಕಿನ ಚೀಟಿ ಕೊಳ್ಳುತ್ತೀರಿ. ತಿಂಗಳ ನಂತರ ಏನೇ ಆದರೂ 50,000 ಕೊಟ್ಟು ಅಡಿಕೆ ವಾಪಸ್ ಪಡೆಯುತ್ತೀರಿ. ನಡುವಿನ ಉಳಿಕೆ ನಿಮ್ಮದು. ಇದನ್ನು ನಾವು ರಿವರ್ಸಲ್ ಅನ್ನುತ್ತೇವೆ. ಮೇಲಿನ ಗಂಟು ಅಗ್ಗವಾಗಿದ್ದರೆ ಎಲ್ಲವನ್ನೂ ತಿರುಗಿಸಬೇಕು, ಅದು ಕನ್ವರ್ಶನ್.

ಒಂದು ವಿಷಯ ಗಮನಿಸಿ. ರಿವರ್ಸಲ್‌ಗೆ ಮನೆಯಲ್ಲಿ ಅಡಿಕೆ ಇರಬೇಕು. ಇಲ್ಲದವನು ಪಕ್ಕದ ಮನೆಯಿಂದ ಕಡ ತಂದು ಮಾರಬೇಕು, ಯಾರು ಕೊಡುತ್ತಾರೆ? ಷೇರಿನಲ್ಲೂ ಹಾಗೇ. ನಮ್ಮಲ್ಲಿ ಸಣ್ಣ ಗಿರಾಕಿ ಇಲ್ಲದ ಷೇರನ್ನು ಮಾರಿ ಮರುದಿನಕ್ಕೆ ಉಳಿಸಿಕೊಳ್ಳಲು ಆಗುವುದಿಲ್ಲ. ಷೇರು ಕಡ ಕೊಡುವ ವ್ಯವಸ್ಥೆ ಎಕ್ಸ್‌ಚೇಂಜ್‌ನಲ್ಲಿ ಇದೆ, ವ್ಯವಹಾರ ತೀರಾ ಕಡಿಮೆ. ಹಾಗಾಗಿ ಪುಟ್ ದುಬಾರಿಯಾದ ಕಡೆಯ ತಪ್ಪು ಜಾಸ್ತಿ ಹೊತ್ತು ಉಳಿಯುತ್ತದೆ, ಕಾಲ್ ದುಬಾರಿಯಾದ ಕಡೆಯದು ಬೇಗ ಮುಚ್ಚಿಹೋಗುತ್ತದೆ.

ಎಂ.ಕಾಂ ಎರಡನೇ ವರ್ಷ · ಬೆಳಿಗ್ಗೆ 11:40

ಶಂಕರಘಟ್ಟದಿಂದ. ತರಗತಿಯಲ್ಲಿ ಹಾನ್ಸ್ ಸ್ಟಾಲ್ 1969ರಲ್ಲಿ ಈ ಸಂಬಂಧವನ್ನು ಬರೆದಿಟ್ಟರು ಅಂತ ಹೇಳಿ ಮುಗಿಸಿದರು. ಆದರೆ ನ್ಯೂಯಾರ್ಕಿನ ರಸೆಲ್ ಸೇಜ್ ಅನ್ನುವ ಸಾಹುಕಾರ ಅದಕ್ಕೂ ನೂರು ವರ್ಷ ಮುಂಚೆಯೇ ಇದನ್ನು ಬಳಸುತ್ತಿದ್ದನಂತೆ. ಕಾನೂನು ಬಡ್ಡಿಗೆ ಮಿತಿ ಹಾಕಿತ್ತು. ಅವನು ಗಿರಾಕಿಯ ಷೇರು ಕೊಂಡು, ಜೊತೆಗೆ ಪುಟ್ ಕೊಂಡು, ಕಾಲ್ ಮಾರುತ್ತಿದ್ದ. ಕಾಗದದ ಮೇಲೆ ಸಾಲವೇ ಇಲ್ಲ, ಬಡ್ಡಿ ಮಾತ್ರ ಬರುತ್ತಿತ್ತು. ನಮ್ಮ ಮಂಡಿಯವರಿಗೆ ಯಾರೂ ಹೇಳಬೇಡಿ.

ಮೇಡಂ, ನಿಜವಾಗಿಯೂ ತಪ್ಪಿದ ಒಂದು ಉದಾಹರಣೆಯನ್ನು ಖರ್ಚು ಸಮೇತ ಹಾಕುತ್ತೀರಾ? ಪುಸ್ತಕದಲ್ಲಿ ಖರ್ಚು ಸೊನ್ನೆ ಅಂತಲೇ ಶುರು ಮಾಡುತ್ತಾರೆ.

ವಿನೋಬನಗರ · ಮಧ್ಯಾಹ್ನ 3:55

ಹಾಕುತ್ತೇನೆ. ಅದೇ 25,000 ಸ್ಟ್ರೈಕ್, 30 ದಿನ, ಲಾಟ್ 75. ಈ ಸಲ LTP ಬೇಡ. ಕೊಳ್ಳುವುದಕ್ಕೆ ಆಸ್ಕ್, ಮಾರುವುದಕ್ಕೆ ಬಿಡ್. ಫ್ಯೂಚರ್ ಬಿಡ್ 25,083. ಕಾಲ್ ಆಸ್ಕ್ 331. ಪುಟ್ ಬಿಡ್ 268. ಬೆಳಿಗ್ಗೆ ಒಮ್ಮೆಲೇ ಮಾರುಕಟ್ಟೆ ಕುಸಿದು ಎಲ್ಲರೂ ಪುಟ್‌ಗೆ ಮುಗಿಬಿದ್ದಾಗ ಇಂಥದ್ದು ಕೆಲವು ಸೆಕೆಂಡು ಕಾಣುತ್ತದೆ.

ಕಾಲ್ ಕೊಂಡು ಪುಟ್ ಮಾರಿದರೆ ಕೈಯಿಂದ ಹೋಗುವುದು 63. ಈ ಎರಡು ಸೇರಿದರೆ 25,000ಕ್ಕೆ ನಿಫ್ಟಿ ಕೊಂಡ ಹಾಗೆ. 63ಕ್ಕೆ ತಿಂಗಳ ಬಡ್ಡಿ ಸೇರಿಸಿದರೆ 63.3. ಅಂದರೆ ನಾನು 25,063.3ಕ್ಕೆ ಕೊಂಡೆ, ಅದೇ ಹೊತ್ತಿಗೆ ಫ್ಯೂಚರನ್ನು 25,083ಕ್ಕೆ ಮಾರಿದೆ. ಉಳಿದದ್ದು 19.7 ಪಾಯಿಂಟ್. ಲಾಟ್‌ಗೆ ಸುಮಾರು 1,477 ರೂಪಾಯಿ.

ಎಕ್ಸ್‌ಪೈರಿಯಲ್ಲಿ ನಿಫ್ಟಿ 24,400 ಆಯಿತು ಅನ್ನಿ. ಫ್ಯೂಚರ್‌ನಲ್ಲಿ 683 ಬಂತು, ಕಾಲ್ ಸೊನ್ನೆ, ಪುಟ್‌ಗೆ 600 ಕೊಟ್ಟೆ, ಮೊದಲು ಕೊಟ್ಟ 63 ಕಳೆ. ಉಳಿದದ್ದು 20. ನಿಫ್ಟಿ 25,700 ಆಯಿತು ಅನ್ನಿ. ಫ್ಯೂಚರ್‌ನಲ್ಲಿ 617 ಹೋಯಿತು, ಕಾಲ್‌ನಿಂದ 700 ಬಂತು, 63 ಕಳೆ. ಮತ್ತೆ 20. ಮೇಲೆ ಹೋಗಲಿ, ಕೆಳಗೆ ಬರಲಿ, ಅದೇ. ಫ್ಯೂಚರ್ ಮತ್ತು ಆಪ್ಷನ್ ಎರಡನ್ನೂ ಕೊನೆಯಲ್ಲಿ ಒಂದೇ ಬೆಲೆಗೆ ಚುಕ್ತಾ ಮಾಡುತ್ತಾರೆ, ಕೊನೆಯ ಅರ್ಧ ಗಂಟೆಯ ಸರಾಸರಿಯಿಂದ ಬಂದ ನಿಫ್ಟಿ ಮುಕ್ತಾಯಕ್ಕೆ. ಅದಕ್ಕೇ ಇದು ಇಷ್ಟು ಚೊಕ್ಕಟವಾಗಿ ಹೊಂದುತ್ತದೆ.

ಈಗ ಖರ್ಚು. 2024ರ ಅಕ್ಟೋಬರ್ 1ರಿಂದ ಬಂದ ಎಸ್‌ಟಿಟಿ, ಅಂದರೆ ಷೇರುಪೇಟೆ ವ್ಯವಹಾರದ ತೆರಿಗೆ, ಅದರ ದರದಲ್ಲಿ ಹೇಳುತ್ತೇನೆ, ನೀವು ಮಾಡುವ ದಿನದ ದರ ಹಾಕಿಕೊಳ್ಳಿ. ಫ್ಯೂಚರ್ ಮಾರುವಾಗ 0.02%. ಕಡಿಮೆ ಅನಿಸುತ್ತದೆ, ಆದರೆ ಅದು ಪೂರ್ತಿ ಹದಿನೆಂಟು ಲಕ್ಷದ ಮೇಲೆ ಬೀಳುತ್ತದೆ: 376 ರೂಪಾಯಿ. ಪುಟ್ ಮಾರಿ ಬಂದ ಬೆಲೆ, ಅಂದರೆ ಪ್ರೀಮಿಯಂ ಮೇಲೆ 0.1%, ಅದು 20 ರೂಪಾಯಿ. ಕೊನೆಯಲ್ಲಿ ನಿಫ್ಟಿ ಸ್ಟ್ರೈಕ್‌ಗಿಂತ ಮೇಲಿದ್ದರೆ ಕಾಲ್ ಗಳಿಕೆಯ ಮೇಲೆ 0.125%. ಎಕ್ಸ್‌ಚೇಂಜ್ ಶುಲ್ಕ, ಮೂರು ಆರ್ಡರ್‌ನ ಬ್ರೋಕರೇಜ್, ಜಿಎಸ್‌ಟಿ ಎಲ್ಲ ಸೇರಿ ಒಟ್ಟು 550ರ ಆಸುಪಾಸು. ಕೈಗೆ ಉಳಿಯುವುದು 900 ಚಿಲ್ಲರೆ.

ಅಂದರೆ ಏಳೆಂಟು ಪಾಯಿಂಟ್ ಖರ್ಚಿಗೇ ಹೋಗುತ್ತದೆ. ಅದಕ್ಕಿಂತ ಕಡಿಮೆ ಅಂತರ ಎಷ್ಟೇ ಕಂಡರೂ ಅದು ತಪ್ಪು ಬೆಲೆ ಅಲ್ಲ, ಖರ್ಚಿನ ಬೇಲಿ. ಫ್ಯೂಚರ್ ಎಸ್‌ಟಿಟಿ 0.05% ಅಂತ ಹಾಕಿ ನೋಡಿ, ಆ ಒಂದು ಲೆಗ್‌ಗೇ, ಅಂದರೆ ಮೂರರಲ್ಲಿ ಒಂದು ವ್ಯವಹಾರಕ್ಕೇ, 940 ಆಗುತ್ತದೆ. ಆಗ ಇದೇ ವ್ಯವಹಾರದಲ್ಲಿ 350 ಉಳಿದರೆ ಹೆಚ್ಚು.

ಜೋಗದ ಗುಂಡಿ · ಸಂಜೆ 5:20

ಮೇಡಂ ಹೇಳಿದ ಹಾಗೆ ಇವತ್ತು ಫ್ಯೂಚರ್ ಇಟ್ಟೇ ನೋಡಿದೆ. ಬಿಡ್–ಆಸ್ಕ್ ಹಿಡಿದೇ ನೋಡಿದೆ. ವಾರದ ಎಕ್ಸ್‌ಪೈರಿ, 25,000 ಸ್ಟ್ರೈಕ್. ಕಾಲ್ ಕಳೆ ಪುಟ್ 18. ಫ್ಯೂಚರ್ ಕಳೆ ಸ್ಟ್ರೈಕ್ 83. ಅರವತ್ತೈದು ಪಾಯಿಂಟ್! ಖರ್ಚು ಎಂಟು ತೆಗೆದರೂ 57. ನಾಳೆ ಹತ್ತು ಲಾಟ್ ಹಾಕುತ್ತಿದ್ದೇನೆ.

ತುಂಗೆಯ ದಂಡೆ · ಸಂಜೆ 5:31

ಹಾಕಬೇಡಿ ಅಣ್ಣ, ಸ್ವಲ್ಪ ತಡೆಯಿರಿ. ನಿಮ್ಮ ಆಪ್ಷನ್ ಒಂದು ವಾರದಲ್ಲಿ ಮುಗಿಯುತ್ತದೆ, ಫ್ಯೂಚರ್ ತಿಂಗಳ ಕೊನೆಗೆ ಮುಗಿಯುತ್ತದೆ. ವಾರದ ಎಕ್ಸ್‌ಪೈರಿಗೆ ನಿಫ್ಟಿ ಫ್ಯೂಚರ್ ಇಲ್ಲವೇ ಇಲ್ಲ. ವಾರ ಮುಗಿದ ಮೇಲೆ ನಿಮ್ಮ ಕೈಯಲ್ಲಿ ಬರೀ ಮಾರಿದ ಫ್ಯೂಚರ್ ಉಳಿಯುತ್ತದೆ, ಆಗ ಅದು ಆ ದಿನದ ನಿಫ್ಟಿಗಿಂತ ಅರವತ್ತು ಮೇಲೇ ಇರಬಹುದು. 65ರಲ್ಲಿ ಜಾಸ್ತಿ ಪಾಲು ಉಳಿದ ಮೂರು ವಾರದ ಬಡ್ಡಿ ಅಷ್ಟೇ. ನಾನು ಸರಿ ಹೇಳಿದೆನಾ ಮೇಡಂ?

ವಿನೋಬನಗರ · ಸಂಜೆ 6:10

ನೂರಕ್ಕೆ ನೂರು. ಮೂರೂ ಲೆಗ್ ಒಂದೇ ದಿನ ಮುಗಿಯಬೇಕು. ಇಲ್ಲದಿದ್ದರೆ ಅದು ಬೇರೆಯೇ ಪಂದ್ಯ.

ಜೋಗದ ಗುಂಡಿ · ಸಂಜೆ 6:14

ಸರಿ ಬಿಡಿ. ಹತ್ತು ಲಾಟ್ ಉಳಿಯಿತು.

ಆಗುಂಬೆ ಮಳೆ · ರಾತ್ರಿ 8:45

ನಾನು ಹೋದ ಮಳೆಗಾಲ ಇದನ್ನು ನಿಜವಾಗಿ ಮಾಡಿದವನು. ಲೆಕ್ಕ ಸರಿ ಇತ್ತು. ಅಂತರ 22 ಪಾಯಿಂಟ್. ಪ್ರೀಮಿಯಂ ಮೊದಲು ಕೈಗೆ ಬರಲಿ ಅಂತ ಪುಟ್ ಮಾರಿದೆ. ಆಮೇಲೆ ಕಾಲ್‌ಗೆ ಲಿಮಿಟ್ ಆರ್ಡರ್ ಹಾಕಿದೆ, ಬೆಲೆ ಎರಡು ರೂಪಾಯಿ ಮೇಲೆ ಹೋಯಿತು, ಆರ್ಡರ್ ಕೂತುಬಿಟ್ಟಿತು. ಬದಲಿಸೋಣ ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಕರೆಂಟ್ ಜೊತೆಗೆ ಟವರ್ ಕೂಡ. ಆಗುಂಬೆಯ ಮಳೆ ಗೊತ್ತಲ್ಲ.

ಘಾಟಿ ಇಳಿದು ಸಿಗ್ನಲ್ ಸಿಗುವ ಹೊತ್ತಿಗೆ ನಲವತ್ತು ನಿಮಿಷ. ನಿಫ್ಟಿ 110 ಪಾಯಿಂಟ್ ಕೆಳಗೆ. ನನ್ನ ಹತ್ತಿರ ಇದ್ದದ್ದು ಬರೀ ಮಾರಿದ ಪುಟ್ ಒಂದೇ. 22 ಪಾಯಿಂಟ್‌ಗೆ ಹೋಗಿ 50ರ ಮೇಲೆ ಕಳೆದುಕೊಂಡು ಬಂದೆ. ಅಪಾಯವೇ ಇಲ್ಲದ ವ್ಯಾಪಾರ ಅಂತ ಮನೆಯವಳಿಗೆ ಬೆಳಿಗ್ಗೆ ತಾನೇ ಹೇಳಿದ್ದೆ.

ವಿನೋಬನಗರ · ರಾತ್ರಿ 9:30

ಕರೆಂಟ್ ಹೋದದ್ದು ನಿಮ್ಮ ಕೈಯಲ್ಲಿ ಇರಲಿಲ್ಲ, ಆದರೆ ಲೆಗ್‌ಗಳ ಸರದಿ ನಿಮ್ಮ ಕೈಯಲ್ಲಿತ್ತು. ಡೀಲಿಂಗ್ ರೂಮಿನಲ್ಲಿ ನಮ್ಮ ಪದ್ಧತಿ ಹೀಗಿತ್ತು. ಸಿಗುವುದು ಕಷ್ಟ ಇರುವ ಲೆಗ್ ಮೊದಲು, ಫ್ಯೂಚರ್ ಕೊನೆಗೆ. ಫ್ಯೂಚರ್ ಯಾವಾಗ ಬೇಕಾದರೂ ಒಂದೆರಡು ರೂಪಾಯಿ ಹೆಚ್ಚುಕಡಿಮೆಯಲ್ಲಿ ಸಿಗುತ್ತದೆ. ಎರಡೂ ಆಪ್ಷನ್ ಸಮಾನ ಸಲೀಸಾಗಿದ್ದರೆ ಕೊಳ್ಳುವುದು ಮೊದಲು. ಕಾಲ್ ಒಂದೇ ಕೈಯಲ್ಲಿ ಉಳಿದು ಟವರ್ ಹೋದರೆ ಹೋಗುವುದು ಕೊಟ್ಟ ಪ್ರೀಮಿಯಂ ಮಾತ್ರ. ಬರೀ ಪುಟ್ ಮಾರಿ ಕೂತರೆ ನಷ್ಟದ ತಳ ತುಂಬಾ ಆಳ, ಮಾರ್ಜಿನ್, ಅಂದರೆ ಬ್ರೋಕರ್ ಹತ್ತಿರ ಇಡುವ ಭದ್ರತೆ ಹಣ ಕೂಡ ಪೂರ್ತಿ ಕೇಳುತ್ತದೆ. ಮೂರನ್ನೂ ಒಟ್ಟಿಗೆ ಕಳಿಸುವ ಬಾಸ್ಕೆಟ್ ಆರ್ಡರ್ ಇದೆ. ಅದು ಕಳಿಸುವುದು ಒಟ್ಟಿಗೆ, ಸಿಗುವುದು ಒಟ್ಟಿಗೇ ಅಂತ ಇಲ್ಲ.

ಮೂರೂ ಸಿಕ್ಕ ಮೇಲೂ ಒಂದು ಗುಂಡಿ ಇದೆ, ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಫ್ಯೂಚರ್ ನಷ್ಟವನ್ನು ದಿನದಿನವೂ ನಗದಾಗಿ ಕಟ್ಟಬೇಕು. ಆಪ್ಷನ್ ಲಾಭ ಕಾಗದದ ಮೇಲೇ ಇರುತ್ತದೆ, ಮಾರಿದಾಗ ಅಥವಾ ಎಕ್ಸ್‌ಪೈರಿಯಲ್ಲಿ ಮಾತ್ರ ಕೈಗೆ ಬರುತ್ತದೆ. ಮೇಲಿನ ನನ್ನ ಉದಾಹರಣೆಯಲ್ಲಿ ಹತ್ತು ದಿನದೊಳಗೆ ನಿಫ್ಟಿ 700 ಏರಿತು ಅನ್ನಿ. ಫ್ಯೂಚರ್ ಕಡೆಯಿಂದ 52,500 ರೂಪಾಯಿ ಖಾತೆಯಿಂದ ಹೋಗಿರುತ್ತದೆ. ಕಾಲ್ ಏರಿದೆ, ನಿಜ. ಆ ಏರಿಕೆ ತೋರಿಸಿ ಹಣ ಕಟ್ಟಲು ಆಗುವುದಿಲ್ಲ. ಖಾತೆಯಲ್ಲಿ ಇಲ್ಲದಿದ್ದರೆ ಬ್ರೋಕರ್ ಬಡ್ಡಿ ಹಾಕುತ್ತಾರೆ. 18% ಅಂದರೂ ಉಳಿದ ಇಪ್ಪತ್ತು ದಿನಕ್ಕೆ 518 ರೂಪಾಯಿ. ನಮ್ಮ 900ರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು. ಇನ್ನೂ ಕೆಟ್ಟದ್ದು ಅಂದರೆ, ಹಣ ತುಂಬದಿದ್ದರೆ ಅವರೇ ಒಂದು ಲೆಗ್ ಮುಚ್ಚಿಬಿಡುತ್ತಾರೆ. ಆಮೇಲೆ ಉಳಿದದ್ದು ಆಗುಂಬೆಯವರ ಕಥೆ.

ಎಂ.ಕಾಂ ಎರಡನೇ ವರ್ಷ · ರಾತ್ರಿ 10:02

ಹಾಗಾದರೆ 6% ಬಡ್ಡಿ ಅಂತ ಹಿಡಿದದ್ದೇ ತಪ್ಪಲ್ವಾ? ಸಾಲ ತಂದವನಿಗೆ 18, ಎಫ್‌ಡಿ ಇಟ್ಟವನಿಗೆ 6. ಇಬ್ಬರಿಗೂ ಸಮತೆ ಬೇರೆ ಬೇರೆ ಆಗುತ್ತದೆ.

ಜೋಗದ ಗುಂಡಿ · ರಾತ್ರಿ 10:09

ಒಂದೇ ಬಡ್ಡಿ ಇರಬೇಕು. ಸರ್ಕಾರಿ ಟ್ರೆಷರಿ ಬಿಲ್ ದರ. ಪುಸ್ತಕದಲ್ಲಿ ಹಾಗೇ ಇದೆ.

ವಿನೋಬನಗರ · ರಾತ್ರಿ 10:25

ಫ್ಯೂಚರ್ ಇಟ್ಟು ಮಾಡಿದರೆ ಬಡ್ಡಿ ದರ ಮುಟ್ಟುವುದು 63 ರೂಪಾಯಿಯನ್ನು ಮಾತ್ರ, 25,000ವನ್ನಲ್ಲ. 6 ಹಾಕಿ, 9 ಹಾಕಿ, ಇಪ್ಪತ್ತು ಪೈಸೆ ಸಹ ಬದಲಾಗುವುದಿಲ್ಲ. ಬಡ್ಡಿ ನಿಜವಾಗಿ ಕಾಡುವುದು ಮಾರ್ಜಿನ್ ಮತ್ತು ದಿನದ ಕಟ್ಟುವಿಕೆಯಲ್ಲಿ. ಅದು ಎಂ.ಕಾಂ ಹೇಳಿದ ಹಾಗೆ ಒಬ್ಬೊಬ್ಬರಿಗೆ ಒಂದೊಂದು. ನಾವು ಬೆಂಗಳೂರಿನಲ್ಲಿ ಲಿಕ್ವಿಡ್ ಫಂಡ್ ಒತ್ತೆ ಇಟ್ಟು ಮಾಡುತ್ತಿದ್ದೆವು, ಸಿಕ್ಕಿಬಿದ್ದ ಹಣಕ್ಕೂ ಏನೋ ಒಂದು ಬರುತ್ತಿತ್ತು. ಮನೆಯಲ್ಲಿ ಕೂತ ಒಬ್ಬರಿಗೆ ಯಾವ ದರ ಸರಿ ಅನ್ನುವುದರಲ್ಲಿ ನನಗೂ ನನ್ನ ಹಳೇ ಬಾಸ್‌ಗೂ ಕೊನೆವರೆಗೂ ಒಮ್ಮತ ಆಗಲಿಲ್ಲ.

ತುಂಗೆಯ ದಂಡೆ · ಎರಡು ವಾರದ ನಂತರ, ಭಾನುವಾರ

ಶೀಟ್ ಒಂದು ಮಾಡಿಕೊಂಡೆ. ಮೊದಲ ಸಾಲು ರಿವರ್ಸಲ್, ಎರಡನೆಯದು ಕನ್ವರ್ಶನ್. F ಫ್ಯೂಚರ್, K ಸ್ಟ್ರೈಕ್, C ಕಾಲ್, P ಪುಟ್, rate_yr ವರ್ಷದ ಬಡ್ಡಿ. ಎರಡರಲ್ಲಿ ಯಾವುದಾದರೂ 8 ದಾಟಿದರೆ ಮಾತ್ರ ಬಣ್ಣ ಬದಲಾಗುತ್ತದೆ.

```
=(F_bid-K)-(C_ask-P_bid)*(1+rate_yr*days/365)
=(C_bid-P_ask)*(1+rate_yr*days/365)-(F_ask-K)
```

ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಾತ್ರ ನೋಡಲು ಆಗುವುದು. ಈ ಹತ್ತು ಕೆಲಸದ ದಿನದಲ್ಲಿ ನಡುವಿನ ಸ್ಟ್ರೈಕ್‌ಗಳಲ್ಲಿ ಒಮ್ಮೆಯೂ ಬಣ್ಣ ಬರಲಿಲ್ಲ. ಹೆಚ್ಚಿನ ಹೊತ್ತು ಎರಡೂ ಸಾಲು ಮೈನಸ್‌ನಲ್ಲೇ ಇರುತ್ತವೆ. ದೂರದ ಸ್ಟ್ರೈಕ್‌ನಲ್ಲಿ ಎರಡು ಸಲ ಬಂತು. ಎರಡು ಸಲವೂ ಆ ಬೆಲೆಗೆ ಇದ್ದದ್ದು ಒಂದೇ ಲಾಟ್. ರಿಫ್ರೆಶ್ ಮಾಡುವಷ್ಟರಲ್ಲಿ ಮಾಯ.

ರಾಶಿ ಇಡಿ · ಭಾನುವಾರ, ಸಂಜೆ 7:00

ನಾನೂ ಒಂದು ಕಂಡುಹಿಡಿದಿದ್ದೇನೆ, ತಪ್ಪಿದ್ದರೆ ಹೇಳಿ. ಅಪ್ಪ ತೆಗೆದಿಟ್ಟ ಒಂದು ಕಂಪನಿಯ 500 ಷೇರು ಇದೆ, ಅದರ ಲಾಟ್ ಸಹ 500. ಅಂದರೆ ನನ್ನ ಹತ್ತಿರ ಮನೆಯಲ್ಲೇ ಅಡಿಕೆ ಇದೆ. ಷೇರು 1,200. ಎಕ್ಸ್‌ಪೈರಿಗೆ 20 ದಿನ. 1,200ರ ಕಾಲ್ ಕೊಳ್ಳಲು 19, ಪುಟ್ ಮಾರಿದರೆ 24 ಸಿಗುತ್ತದೆ. ವ್ಯತ್ಯಾಸ ಮೈನಸ್ 5. ಬಡ್ಡಿ ಪ್ರಕಾರ ಪ್ಲಸ್ 4 ಇರಬೇಕು. 9 ರೂಪಾಯಿ ಅಂತರ, 500ಕ್ಕೆ 4,500. ಷೇರು ಮಾರಿ, ಕಾಲ್ ಕೊಂಡು, ಪುಟ್ ಮಾರಿ, ತಿಂಗಳ ಕೊನೆಗೆ 1,200ಕ್ಕೆ ಷೇರು ವಾಪಸ್ ತರುತ್ತೇನೆ. ಏರಿದರೆ ಕಾಲ್‌ನಿಂದ ಬರುತ್ತದೆ, ಇಳಿದರೆ ಪುಟ್‌ನಿಂದ ಬರುತ್ತದೆ. ಸರಿಯಾ?

ವಿನೋಬನಗರ · ಸಂಜೆ 7:40

ಕಟ್ಟಿದ್ದು ಸರಿಯಾಗಿದೆ ಅಣ್ಣ, ಬಹಳ ಚೆನ್ನಾಗಿ ಹಿಡಿದಿದ್ದೀರಿ. 2019ರ ಅಕ್ಟೋಬರ್‌ನಿಂದ ಎಲ್ಲ ಷೇರು ಆಪ್ಷನ್‌ಗಳೂ ಕೊನೆಯಲ್ಲಿ ಷೇರು ಕೊಟ್ಟು ಪಡೆದೇ ಚುಕ್ತಾ ಆಗುವುದು. ಹಾಗಾಗಿ ವಾಪಸ್ ಬರುವುದೂ ನಿಜ. ಕೊನೆಯ ನಾಲ್ಕೈದು ದಿನ ಮಾರ್ಜಿನ್ ಏರುತ್ತದೆ, ಷೇರು ಮಾರಿದ ಹಣವನ್ನು ಬೇರೆ ಕಡೆ ಹಾಕಬೇಡಿ.

ಮೊದಲು ಒಂದು ನೋಡಿ. ಈ ಇಪ್ಪತ್ತು ದಿನದೊಳಗೆ ಆ ಕಂಪನಿಯ ಡಿವಿಡೆಂಡ್ ದಿನಾಂಕ ಇದೆಯಾ? ಡಿವಿಡೆಂಡ್ ಷೇರು ಬೆಲೆಯ 2% ಮುಟ್ಟಿದರೆ ಎಕ್ಸ್‌ಚೇಂಜ್ ಸ್ಟ್ರೈಕ್ ಇಳಿಸಿ ಸರಿಮಾಡುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಮುಟ್ಟುವುದಿಲ್ಲ, ಆ ನಷ್ಟ ಷೇರು ಮಾರಿದವರದ್ದು.

ರಾಶಿ ಇಡಿ · ಸಂಜೆ 8:05

ಇದೆ. ಇದೇ 18ಕ್ಕೆ. ಷೇರಿಗೆ 8 ರೂಪಾಯಿ.

ತುಂಗೆಯ ದಂಡೆ · ಸಂಜೆ 8:11

ಹಾಗಾದರೆ 4,500ರಲ್ಲಿ 4,000 ಡಿವಿಡೆಂಡ್ ಅಣ್ಣ, ನೀವು ಬಿಟ್ಟುಕೊಡುವ ಹಣ. ಉಳಿದದ್ದು 500. ಷೇರು ಮಾರುವಾಗ ಆರು ಲಕ್ಷಕ್ಕೆ 0.1% ಎಸ್‌ಟಿಟಿ ಅಂದರೆ 600. ವಾಪಸ್ ತರುವಾಗ ಇನ್ನೊಮ್ಮೆ. ಅಪ್ಪ ಯಾವಾಗಲೋ ಕಡಿಮೆ ಬೆಲೆಗೆ ತೆಗೆದಿದ್ದರೆ ಮಾರಿದ ಲಾಭಕ್ಕೆ ತೆರಿಗೆ ಬೇರೆ.

ರಾಶಿ ಇಡಿ · ಸಂಜೆ 8:20

ಆಯ್ತು. 18ಕ್ಕೆ ಡಿವಿಡೆಂಡ್ ಬರಲಿ, ಔಷಧಿ ಹೊಡೆಯುವವರ ಕೂಲಿಗಾಗುತ್ತದೆ.